ಶಾಲೆಯ ಮಾಳಿಗೆಯಿಂದ ಇಳಿದು ಬರುವ ಭಾಷಣ

ಒಂಬತ್ತನೇ ತರಗತಿಯ ಹುಡುಗಿಗೆ ಭಾಷಣ ಸ್ಪರ್ಧೆಗೆ ‘ಜಲ ಸಂರಕ್ಷಣೆ’ ಎಂಬ ವಿಷಯ ಸಿಕ್ಕಿದೆ, ಸಮಯ ಮೂರು ನಿಮಿಷ. ಮನೆಯವರು ಕೂತು ಬರೆದುಕೊಡುವುದು ಸಾಮಾನ್ಯವಾಗಿ ಪ್ರಬಂಧವನ್ನೇ. ಭೂಮಿಯ ಮುಕ್ಕಾಲು ಭಾಗ ನೀರು, ನೀರೇ ಜೀವಜಲ, ಹನಿಗೂಡಿದರೆ ಹಳ್ಳ. ಅವಳಿಗಿಂತ ಮೊದಲು ಮಾತಾಡಿದ ಮಕ್ಕಳೂ ಇದನ್ನೇ ಹೇಳಿ ಇಳಿದಿರುತ್ತಾರೆ. ನಡುವೆ ಒಂದು ಸಾಲು ಮರೆತರೆ ಮುಂದಿನದು ನೆನಪಾಗುವುದಿಲ್ಲ, ಏಕೆಂದರೆ ಆ ಸಾಲುಗಳಿಗೆ ಒಂದಕ್ಕೊಂದು ನಂಟಿಲ್ಲ.

ನಂಟು ಬೇಕೆಂದರೆ ವಿಷಯವನ್ನು ಅವಳ ಶಾಲೆಯ ಮಾಳಿಗೆಯಷ್ಟಕ್ಕೆ ಇಳಿಸಬೇಕು. ಕೋಲಾರ ಸೀಮೆಯ ಒಂದು ಪ್ರೌಢಶಾಲೆ ಎಂದುಕೊಳ್ಳೋಣ. ವರ್ಷವಿಡೀ ಹರಿಯುವ ಹೊಳೆ ಆ ಜಿಲ್ಲೆಯಲ್ಲಿಲ್ಲ. ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಬರೆಯಲು ಕೂರುವ ಮುನ್ನ ಹುಡುಗಿ ಅಳತೆ ಟೇಪು ಹಿಡಿದು ಕಟ್ಟಡದ ಉದ್ದಗಲ ಅಳೆಯಲಿ. 20 ಮೀಟರ್ ಉದ್ದ, 8 ಮೀಟರ್ ಅಗಲ ಇದ್ದರೆ ಮಾಳಿಗೆ 160 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರಾಗುತ್ತದೆ. ಆ ಲೆಕ್ಕದಲ್ಲಿ ವರ್ಷಕ್ಕೆ ಈ ಮಾಳಿಗೆಯ ಮೇಲೆ ಬೀಳುವುದು 1,12,000 ಲೀಟರ್. ಕಾಂಕ್ರೀಟು ಹೀರುವುದು, ಬಿಸಿಲಿಗೆ ಆರುವುದು, ಅಂಚಿನಿಂದ ಸಿಡಿದು ಹೋಗುವುದು ಎಂದು ಐದರಲ್ಲೊಂದು ಪಾಲು ಕಳೆದರೂ ಸುಮಾರು 90,000 ಲೀಟರ್ ಕೈಗೆ ಸಿಗುತ್ತದೆ.

ಆದರೆ ವೇದಿಕೆಯ ಮೇಲೆ ‘ತೊಂಬತ್ತು ಸಾವಿರ ಲೀಟರ್’ ಎಂದರೆ ಕೇಳುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಐದು ಸಾವಿರ ಲೀಟರಿನ ಟ್ಯಾಂಕರ್ ಅವರೆಲ್ಲ ನೋಡಿರುವಂಥದ್ದು. ಆದ್ದರಿಂದ ಭಾಷಣ ಹೀಗೆ ಶುರುವಾಗಬಹುದು:

“ಮಾನ್ಯ ತೀರ್ಪುಗಾರರೇ, ಗುರುಗಳೇ, ಗೆಳೆಯರೇ, ಹೋದ ವರ್ಷ ನಮ್ಮ ಶಾಲೆಯ ಅಂಗಳಕ್ಕೆ ಹದಿನೆಂಟು ಟ್ಯಾಂಕರ್ ನೀರು ಬಂತು. ದುಡ್ಡು ಕೊಡಲಿಲ್ಲ, ಯಾರಿಗೂ ಫೋನು ಮಾಡಲಿಲ್ಲ. ಆ ನೀರು ನಮ್ಮ ಮಾಳಿಗೆಯ ಮೇಲೆ ಇಳಿಯಿತು, ಪೈಪಿನಲ್ಲಿ ಸುರಿಯಿತು, ಗೇಟು ದಾಟಿ ಚರಂಡಿ ಸೇರಿತು. ನಾನು ಟೇಪು ಹಿಡಿದು ಅಳೆದೆ. ನಾವು ಮುನ್ನೂರು ಮಕ್ಕಳು. ಒಬ್ಬೊಬ್ಬರು ದಿನಕ್ಕೆ ಎರಡು ಲೀಟರ್ ಕುಡಿದರೂ ಆ ನೀರು ನಮಗೆ ನೂರೈವತ್ತು ದಿನ ಸಾಕಾಗುತ್ತಿತ್ತು.”

ಇನ್ನು ಮುಂದೆ ಭಾಷಣ ನೀರಿನ ಹಿಂದೆಯೇ ನಡೆಯುತ್ತದೆ: ಮಾಳಿಗೆ, ಪೈಪು, ಸೋಸು ತೊಟ್ಟಿ, ಸಂಪು. ಮಾತು ತಡವರಿಸಿದರೂ ನೀರು ಮುಂದೆ ಎಲ್ಲಿಗೆ ಹೋಯಿತು ಎಂದು ನೆನೆದರೆ ಹುಡುಗಿಗೆ ಮುಂದಿನ ಮಾತು ಸಿಗುತ್ತದೆ. ಬೇಸಿಗೆಯ ಧೂಳು, ಹಕ್ಕಿ ಹಿಕ್ಕೆ, ಒಣ ಎಲೆಗಳನ್ನೆಲ್ಲ ತೊಳೆದು ತರುವ ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಡಬೇಕು, ಅದಕ್ಕೆ ಪೈಪಿನ ಬುಡದಲ್ಲಿ ತೆರೆದು ಮುಚ್ಚುವ ವಾಲ್ವ್ ಇರಬೇಕು. ಆಮೇಲಿನ ನೀರು ಜಲ್ಲಿ, ಇದ್ದಿಲು, ಮರಳಿನ ಪದರಗಳಲ್ಲಿ ಸೋಸಿ ಸಂಪಿಗೆ ಇಳಿಯುತ್ತದೆ. ಜೋರು ಮಳೆಯಲ್ಲಿ ಸೋಸು ತೊಟ್ಟಿಯ ಮೇಲಿನಿಂದ ನೀರು ಉಕ್ಕಿದರೆ ಮರಳು ಕಟ್ಟಿಕೊಂಡಿದೆ ಎಂದರ್ಥ, ತೆಗೆದು ತೊಳೆಯಬೇಕು. ಸೋಸಿದ ನೀರನ್ನೂ ಕುದಿಸಿಯೇ ಕುಡಿಯಬೇಕು.

ನನಗೆ ಬಹಳ ಮುಖ್ಯವೆನಿಸುವ ಭಾಗವನ್ನು ಹೆಚ್ಚಿನ ಭಾಷಣಗಳು ಬಿಟ್ಟೇಬಿಡುತ್ತವೆ. ನೂರೈವತ್ತು ದಿನದ ಲೆಕ್ಕಕ್ಕೆ ಒಂದು ತೊಡಕಿದೆ. ಆ ಕಡೆಯ ಮಳೆ ಬಹುಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಟ್ಟೊಟ್ಟಿಗೆ ಸುರಿಯುತ್ತದೆ. 30 ಮಿಲಿಮೀಟರಿನ ಒಂದು ಮಳೆಗೆ ಈ ಮಾಳಿಗೆಯಿಂದ 3,840 ಲೀಟರ್ ಇಳಿಯುತ್ತದೆ. ಬೆನ್ನು ಬೆನ್ನಿಗೆ ಅಂಥ ಮೂರು ಮಳೆ ಬಂದರೆ 10,000 ಲೀಟರಿನ ಸಂಪು ತುಂಬಿ ಹೊರಚೆಲ್ಲುತ್ತದೆ, ಅಷ್ಟು ಬೇಗ ಮಕ್ಕಳು ಕುಡಿದು ಮುಗಿಸಲಾರರು. ಮಾರ್ಚ್ ಬರುವಷ್ಟರಲ್ಲಿ ಸಂಪು ಮತ್ತೆ ಖಾಲಿ. ಹಾಗಾಗಿ ಉಕ್ಕುವ ನೀರಿಗೂ ಒಂದು ಜಾಗ ಬೇಕು, ಅಂದರೆ ಕೊಳವೆಬಾವಿಯ ಸುತ್ತ ತೋಡಿ ಕಲ್ಲು ಜಲ್ಲಿ ತುಂಬಿದ ಇಂಗುಗುಂಡಿ. ಇದನ್ನು ಹುಡುಗಿ ಬಾಯಿಬಿಟ್ಟು ಹೇಳಬೇಕು. ತೀರ್ಪುಗಾರರು ಪ್ರಶ್ನೆ ಕೇಳಿದರೆ ಮೊದಲು ಕೈ ಹಾಕುವುದು ಇಲ್ಲಿಗೇ, ತಾನೇ ಅಳೆದು ಲೆಕ್ಕ ಹಾಕಿದವಳಿಗೆ ಉತ್ತರ ಹುಡುಕಬೇಕಾಗುವುದಿಲ್ಲ.

ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿಸಿ. ಎರಡೂವರೆ ನಿಮಿಷಕ್ಕೆ ಮುಗಿದರೆ ಸರಿ, ಟ್ಯಾಂಕರ್ ಎಂದ ಮೇಲೊಮ್ಮೆ, ನೂರೈವತ್ತು ದಿನ ಎಂದ ಮೇಲೊಮ್ಮೆ ನಿಲ್ಲಲು ಉಳಿದ ಹೊತ್ತು ಬೇಕಾಗುತ್ತದೆ. ಉಸಿರು ಸಾಲದ ವಾಕ್ಯವನ್ನು ಎರಡಾಗಿ ಒಡೆಯಿರಿ. ಮುಗಿಸುವಾಗ ‘ನೀರು ಉಳಿಸಿ’ ಎಂದು ಇಡೀ ಲೋಕಕ್ಕೆ ಕರೆ ಕೊಡುವ ಬದಲು ಮುಂದೆ ಕೂತಿರುವ ಮುಖ್ಯ ಶಿಕ್ಷಕರನ್ನೇ ಅವಳು ಕೇಳಲಿ: “ಸರ್, ಪೂರ್ವ ದಿಕ್ಕಿನ ಪೈಪಿನ ನೀರು ಈಗ ಚರಂಡಿಗೆ ಹೋಗುತ್ತಿದೆ. ಅಲ್ಲಿಂದ ಸಂಪಿಗೆ ಹನ್ನೆರಡು ಮೀಟರ್. ಈ ಆಗಸ್ಟ್ ಒಳಗೆ ಅದನ್ನು ಜೋಡಿಸಿ ಕೊಡುತ್ತೀರಾ?”