ಅಡ್ಡಕೊಂಡಿ ಇರುವ ಲಿಂಕ್ಡ್ ಲಿಸ್ಟ್: ಮೂರು ಸುತ್ತಿನಲ್ಲಿ ನಕಲು

ಲಿಂಕ್ಡ್ ಲಿಸ್ಟ್ ಎಂದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಅಲ್ಲೊಂದು ಇಲ್ಲೊಂದು ಇರುವ ತುಣುಕುಗಳನ್ನು ಒಂದೇ ಸಾಲಾಗಿ ಪೋಣಿಸಿದ ರಚನೆ. ಪ್ರತಿ ತುಣುಕಿಗೂ ನೋಡ್ ಎಂದು ಹೆಸರು. ನೋಡ್‌ನ ಒಳಗೆ ಒಂದು ಮೌಲ್ಯವಿರುತ್ತದೆ, ಸಾಲಿನಲ್ಲಿ ಅದರ ಮುಂದೆ ಬರುವ ನೋಡ್ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವೂ ಇರುತ್ತದೆ. ಈ ವಿಳಾಸವನ್ನು ಪಾಯಿಂಟರ್ ಎನ್ನುತ್ತಾರೆ. ಮೊದಲ ನೋಡ್‌ನ ವಿಳಾಸ ಕೈಯಲ್ಲಿದ್ದರೆ ಸಾಕು, ಒಂದರಿಂದ ಒಂದಕ್ಕೆ ದಾಟುತ್ತ ಕೊನೆಯವರೆಗೂ ಹೋಗಬಹುದು. ಕೊನೆಯ ನೋಡ್‌ನಲ್ಲಿ ವಿಳಾಸದ ಜಾಗ ಖಾಲಿ ಇರುತ್ತದೆ.

ಕೆಲವು ಲಿಸ್ಟ್‌ಗಳಲ್ಲಿ ಪ್ರತಿ ನೋಡ್‌ಗೂ ಇನ್ನೊಂದು ಪಾಯಿಂಟರ್ ಇರುತ್ತದೆ. ಅದು ಲಿಸ್ಟಿನ ಯಾವ ನೋಡನ್ನಾದರೂ ತೋರಿಸಬಹುದು: ಮುಂದಿನದನ್ನು, ಹಿಂದಿನದನ್ನು, ತನ್ನನ್ನೇ, ಅಥವಾ ಯಾವುದನ್ನೂ ತೋರಿಸದೆ ಖಾಲಿ ಇರಬಹುದು. ಇದಕ್ಕೆ ರ‍್ಯಾಂಡಮ್ ಪಾಯಿಂಟರ್ ಎಂಬ ಹೆಸರು ರೂಢಿಯಲ್ಲಿದೆ. ಇಲ್ಲಿ ಅದನ್ನು ಅಡ್ಡಕೊಂಡಿ ಎಂದೂ ಸಾಲಿನ ಮಾಮೂಲು ಪಾಯಿಂಟರನ್ನು ಮುಂದಿನ ಕೊಂಡಿ ಎಂದೂ ಕರೆಯೋಣ. ಇಂಥ ಲಿಸ್ಟನ್ನು ಪೂರ್ತಿಯಾಗಿ ನಕಲು ಮಾಡಬೇಕು. ನಕಲಿನ ಎಲ್ಲ ನೋಡ್‌ಗಳೂ ಹೊಸದಾಗಿರಬೇಕು, ಅವುಗಳ ಎರಡೂ ಬಗೆಯ ಕೊಂಡಿಗಳು ನಕಲಿನೊಳಗೇ ಸುತ್ತಬೇಕು, ಮೂಲದ ಒಂದು ನೋಡನ್ನೂ ಮುಟ್ಟಬಾರದು.

ನಾಲ್ಕು ನೋಡ್‌ಗಳ ಒಂದು ಲಿಸ್ಟನ್ನು ತೆಗೆದುಕೊಳ್ಳೋಣ: ಕ, ಖ, ಗ, ಘ. ಮೆಮೊರಿಯಲ್ಲಿ ಅವುಗಳ ವಿಳಾಸ ಕ್ರಮವಾಗಿ 100, 340, 220, 510. ಮೌಲ್ಯಗಳು 7, 13, 7, 10. ಕ-ದ ಅಡ್ಡಕೊಂಡಿ ಗ-ವನ್ನು ತೋರಿಸುತ್ತದೆ, ಖ-ದ್ದು ಹಿಂದಿರುವ ಕ-ವನ್ನು, ಗ-ದ್ದು ತನ್ನನ್ನೇ. ಘ-ದ ಅಡ್ಡಕೊಂಡಿ ಖಾಲಿ.

ಅಡ್ಡಕೊಂಡಿ ಇಲ್ಲದಿದ್ದರೆ ನಕಲು ಬಲು ಸುಲಭ. ಮೂಲದ ಸಾಲಿನಲ್ಲಿ ನಡೆಯುತ್ತ ಪ್ರತಿ ನೋಡ್‌ಗೂ ಒಂದು ಹೊಸ ನೋಡ್ ಮಾಡಿ, ಅದನ್ನು ಹೊಸ ಸಾಲಿನ ಬಾಲಕ್ಕೆ ಸೇರಿಸುತ್ತ ಹೋದರೆ ಮುಗಿಯಿತು. ಅಡ್ಡಕೊಂಡಿ ಬಂದಾಗ ಎರಡು ತೊಡಕು ಎದುರಾಗುತ್ತವೆ. ಕ-ವನ್ನು ನಕಲು ಮಾಡುವ ಹೊತ್ತಿಗೆ ಗ-ದ ನಕಲು ಇನ್ನೂ ಹುಟ್ಟಿಯೇ ಇಲ್ಲ, ಆದ್ದರಿಂದ ತೋರಿಸಲು ವಿಳಾಸವಿಲ್ಲ. ಎಲ್ಲ ನಕಲುಗಳನ್ನೂ ಮೊದಲೇ ಮಾಡಿಟ್ಟುಕೊಂಡರೂ ಎರಡನೆಯ ತೊಡಕು ಉಳಿಯುತ್ತದೆ. ಕ-ದ ಅಡ್ಡಕೊಂಡಿಯಲ್ಲಿರುವುದು 220 ಎಂಬ ಅಂಕಿ ಮಾತ್ರ. 220ರಲ್ಲಿರುವ ನೋಡ್‌ನ ನಕಲು ಎಲ್ಲಿದೆ ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ.

ನೇರವಾದ ದಾರಿಯೆಂದರೆ ಎಣಿಸುವುದು. 220ರ ನೋಡ್ ಸಾಲಿನಲ್ಲಿ ಎಷ್ಟನೆಯದು ಎಂದು ಮೂಲದ ತಲೆಯಿಂದ ಎಣಿಸಿದರೆ ಮೂರನೆಯದು ಎಂದು ಗೊತ್ತಾಗುತ್ತದೆ. ನಕಲಿನಲ್ಲೂ ತಲೆಯಿಂದ ಎಣಿಸಿ ಮೂರನೆಯದನ್ನು ಹಿಡಿಯಬೇಕು. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಪ್ರತಿ ನೋಡ್‌ಗೂ ಈ ಎಣಿಕೆ ಮತ್ತೆ ಮತ್ತೆ ನಡೆಯಬೇಕು. 10,000 ನೋಡ್‌ಗಳ ಲಿಸ್ಟಿನಲ್ಲಿ ಅಡ್ಡಕೊಂಡಿಗಳು ಎಲ್ಲೆಡೆ ಹರಡಿದ್ದರೆ ಒಂದೊಂದಕ್ಕೂ ಸರಾಸರಿ ಮೂಲದಲ್ಲಿ 5,000 ಹೆಜ್ಜೆ, ನಕಲಿನಲ್ಲಿ 5,000 ಹೆಜ್ಜೆ ಬೇಕಾಗುತ್ತದೆ. ಒಟ್ಟು 10 ಕೋಟಿ ಹೆಜ್ಜೆ. ಲಿಸ್ಟ್ ಹತ್ತು ಪಟ್ಟು ಉದ್ದವಾದರೆ ಕೆಲಸ ನೂರು ಪಟ್ಟು ಬೆಳೆಯುತ್ತದೆ. ಲಿಸ್ಟ್ ಹತ್ತು ಪಟ್ಟಾದಾಗ ಕೆಲಸವೂ ಹತ್ತೇ ಪಟ್ಟು ಆಗುವಂತಿದ್ದರೆ ಅದನ್ನು ರೇಖೀಯ ಸಮಯದ ವಿಧಾನ ಎನ್ನುತ್ತಾರೆ.

ಮೂಲದ ವಿಳಾಸ ಕೊಟ್ಟ ಕೂಡಲೇ ನಕಲಿನ ವಿಳಾಸ ಸಿಗುವಂತೆ ಮಾಡಿದರೆ ರೇಖೀಯ ಸಮಯ ಸಾಧ್ಯ. ಅದಕ್ಕೆ ಒಂದು ಕೋಷ್ಟಕ ಇಟ್ಟುಕೊಳ್ಳಬಹುದು. ಮೊದಲ ಸುತ್ತಿನಲ್ಲಿ ಎಲ್ಲ ನೋಡ್‌ಗಳ ನಕಲು ಮಾಡಿ, ಮೂಲದ ವಿಳಾಸದ ಎದುರಿಗೆ ನಕಲಿನ ವಿಳಾಸ ಬರೆದಿಡಬೇಕು. ನಕಲುಗಳು 600, 640, 680, 720ರಲ್ಲಿ ಹುಟ್ಟಿದವು ಎಂದುಕೊಂಡರೆ 100ರ ಎದುರು 600, 340ರ ಎದುರು 640, 220ರ ಎದುರು 680, 510ರ ಎದುರು 720 ಬರುತ್ತದೆ. ಎರಡನೆಯ ಸುತ್ತಿನಲ್ಲಿ ಕ-ದ ಅಡ್ಡಕೊಂಡಿ 220 ಎಂದು ಓದಿ, ಕೋಷ್ಟಕದಲ್ಲಿ ನೋಡಿ, 600ರ ನೋಡ್‌ನ ಅಡ್ಡಕೊಂಡಿಗೆ 680 ಎಂದು ತುಂಬಿದರೆ ಆಯಿತು. ಹ್ಯಾಶ್ ಟೇಬಲ್ ಎಂಬ ಕೋಷ್ಟಕದಲ್ಲಿ ಇಂಥ ಹುಡುಕಾಟ ಸಾಮಾನ್ಯವಾಗಿ ಕೋಷ್ಟಕದ ಗಾತ್ರ ಎಷ್ಟೇ ಇದ್ದರೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಮುಗಿಯುತ್ತದೆ.

ಇಲ್ಲಿ ಕೋಷ್ಟಕದ ಕೀಲಿಯಾಗಿ ನೋಡ್‌ನ ವಿಳಾಸವೇ ಇರಬೇಕು, ಮೌಲ್ಯವಲ್ಲ. ಕ ಮತ್ತು ಗ ಎರಡರಲ್ಲೂ 7 ಇದೆ. ಮೌಲ್ಯವನ್ನು ಕೀಲಿಯಾಗಿ ಮಾಡಿದರೆ ಗ-ದ ನಮೂದು ಕ-ದ ನಮೂದನ್ನು ಅಳಿಸಿಹಾಕುತ್ತದೆ, ಕ-ವನ್ನು ತೋರಿಸಬೇಕಿದ್ದ ಖ-ದ ನಕಲು ಗ-ದ ನಕಲನ್ನು ತೋರಿಸುತ್ತದೆ. ಎಲ್ಲ ಮೌಲ್ಯಗಳೂ ಬೇರೆ ಬೇರೆ ಇರುವ ಲಿಸ್ಟಿನಲ್ಲಿ ಪರೀಕ್ಷಿಸಿದರೆ ಈ ತಪ್ಪು ಕಾಣುವುದೇ ಇಲ್ಲ.

ಕೋಷ್ಟಕಕ್ಕೆ ಬೇಕಾಗುವ ಜಾಗ ಮಾತ್ರ ಲಿಸ್ಟಿನೊಂದಿಗೇ ಬೆಳೆಯುತ್ತದೆ. ಒಂದು ವಿಳಾಸಕ್ಕೆ 8 ಬೈಟ್ ಎಂದರೆ 10 ಲಕ್ಷ ನೋಡ್‌ಗಳಿಗೆ ವಿಳಾಸದ ಜೋಡಿಗಳೇ 1 ಕೋಟಿ 60 ಲಕ್ಷ ಬೈಟ್ ಆಗುತ್ತವೆ. ಹ್ಯಾಶ್ ಟೇಬಲ್‌ನಲ್ಲಿ ಖಾಲಿ ಬಿಡುವ ಜಾಗ ಇದರ ಮೇಲೆ.

ಈ ಕೋಷ್ಟಕವಿಲ್ಲದೆಯೂ ಕೆಲಸ ಸಾಗುತ್ತದೆ. ಮೂಲದ ವಿಳಾಸದಿಂದ ನಕಲನ್ನು ತಲುಪುವ ದಾರಿಯನ್ನು ಲಿಸ್ಟಿನೊಳಗೇ ಅಡಗಿಸಿಡಬಹುದು: ಪ್ರತಿ ನಕಲನ್ನೂ ಅದರ ಮೂಲದ ಪಕ್ಕದ ಮನೆಯಲ್ಲೇ ಇರಿಸಿದರೆ ಹುಡುಕುವ ಮಾತೇ ಇಲ್ಲ. ಈ ವಿಧಾನಕ್ಕೆ ಮೂರು ಸುತ್ತು ಬೇಕು.

ಮೊದಲ ಸುತ್ತಿನಲ್ಲಿ ಪ್ರತಿ ನೋಡ್‌ನ ನಕಲು ಮಾಡಿ ಅದನ್ನು ಆ ನೋಡ್‌ಗೂ ಅದರ ಮುಂದಿನ ನೋಡ್‌ಗೂ ನಡುವೆ ತೂರಿಸಲಾಗುತ್ತದೆ. ನಾಲ್ಕು ನೋಡ್‌ಗಳ ಸಾಲು ಎಂಟರ ಸಾಲಾಗುತ್ತದೆ: 100, 600, 340, 640, 220, 680, 510, 720. ಈಗ ಯಾವುದೇ ಮೂಲ ನೋಡ್‌ನ ಮುಂದಿನ ಕೊಂಡಿ ಹಿಡಿದರೆ ಅದರ ನಕಲೇ ಸಿಗುತ್ತದೆ.

ಎರಡನೆಯ ಸುತ್ತಿನಲ್ಲಿ ಅಡ್ಡಕೊಂಡಿಗಳನ್ನು ತುಂಬಬೇಕು. ಕ-ದ ಅಡ್ಡಕೊಂಡಿ 220ಕ್ಕೆ ಹೋಗುತ್ತದೆ, 220ರ ಮುಂದಿನ ಕೊಂಡಿ 680. ಆದ್ದರಿಂದ 600ರ ಅಡ್ಡಕೊಂಡಿ 680. ಖ-ದ್ದು 100, ಅದರ ಮುಂದಿನದು 600, ಹೀಗಾಗಿ 640ರ ಅಡ್ಡಕೊಂಡಿ 600. ಗ ತನ್ನನ್ನೇ ತೋರಿಸುವುದರಿಂದ 680 ಕೂಡ ತನ್ನನ್ನೇ ತೋರಿಸುತ್ತದೆ. ಘ-ದ ಅಡ್ಡಕೊಂಡಿ ಖಾಲಿ, ಖಾಲಿ ಜಾಗಕ್ಕೆ ಮುಂದಿನ ಕೊಂಡಿ ಇರುವುದಿಲ್ಲ. ಅದನ್ನು ಮೊದಲೇ ನೋಡಿಕೊಳ್ಳದಿದ್ದರೆ ಪ್ರೋಗ್ರಾಮ್ ಇಲ್ಲೇ ನಿಂತುಹೋಗುತ್ತದೆ.

ಮೂರನೆಯ ಸುತ್ತು ಬಿಡಿಸುವ ಕೆಲಸ. ಹೆಣೆದ ಸಾಲಿನಿಂದ ಮೂಲ ನೋಡ್‌ಗಳನ್ನು ಒಂದು ಕಡೆಗೆ, ನಕಲುಗಳನ್ನು ಇನ್ನೊಂದು ಕಡೆಗೆ ಮತ್ತೆ ಪೋಣಿಸಬೇಕು. ಇದು ಮುಗಿದಾಗ ಮೂಲ ಲಿಸ್ಟ್ ಮೊದಲಿದ್ದಂತೆಯೇ ಇರುತ್ತದೆ. ಪೈಥಾನ್ ಭಾಷೆಯಲ್ಲಿ ಮೂರೂ ಸುತ್ತುಗಳು ಹೀಗಿರುತ್ತವೆ. ಮುಂದಿನ ಕೊಂಡಿಗೆ ಇಲ್ಲಿ `next`, ಅಡ್ಡಕೊಂಡಿಗೆ `random` ಎಂಬ ಹೆಸರಿದೆ:

```python
def copy_list(head):
    p = head
    while p:
        p.next = Node(p.val, p.next)
        p = p.next.next
    p = head
    while p:
        if p.random:
            p.next.random = p.random.next
        p = p.next.next
    new_head = head.next if head else None
    p = head
    while p:
        c = p.next
        p.next = c.next
        c.next = c.next.next if c.next else None
        p = p.next
    return new_head
```

10,000 ನೋಡ್‌ಗಳಿಗೆ ಮೂರು ಸುತ್ತು ಸೇರಿ ಕೆಲಸ ನಡೆಯುವುದು 30,000 ಸಲ. ನಕಲಿಗೆ ಬೇಕಾದ ಜಾಗ ಬಿಟ್ಟರೆ ಹೆಚ್ಚಿಗೆ ಬೇಕಾದದ್ದು ಎರಡು ಮೂರು ಪಾಯಿಂಟರ್‌ಗಳ ಜಾಗವಷ್ಟೇ, ಲಿಸ್ಟ್ ಎಷ್ಟೇ ಉದ್ದವಿರಲಿ.

ಎರಡನೆಯ ಮತ್ತು ಮೂರನೆಯ ಸುತ್ತನ್ನು ಒಂದಾಗಿಸಿ, ಒಂದು ನೋಡ್‌ನ ಅಡ್ಡಕೊಂಡಿ ತುಂಬಿದ ಕೂಡಲೇ ಅದನ್ನು ಬಿಡಿಸಿಬಿಟ್ಟರೆ ಸಮಯ ಉಳಿಯುತ್ತದಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ಇದು ಕೆಲಸ ಕೆಡಿಸುತ್ತದೆ. ಕ-ವನ್ನು ಬಿಡಿಸಿದ ಮೇಲೆ ಅದರ ಮುಂದಿನ ಕೊಂಡಿ 600ನ್ನು ಬಿಟ್ಟು ಮತ್ತೆ 340ನ್ನು ತೋರಿಸತೊಡಗುತ್ತದೆ. ಬಳಿಕ ಖ-ದ ಸರದಿ. ಅದರ ಅಡ್ಡಕೊಂಡಿ ಹಿಡಿದು ಕ-ಕ್ಕೆ ಹೋಗಿ ಮುಂದಿನ ಕೊಂಡಿ ಕೇಳಿದರೆ 340 ಸಿಗುತ್ತದೆ. ನಕಲಿನ ಅಡ್ಡಕೊಂಡಿಗೆ ಮೂಲ ಲಿಸ್ಟಿನ ವಿಳಾಸ ಬಂದು ಕೂರುತ್ತದೆ. ಪ್ರೋಗ್ರಾಮ್ ನಿಲ್ಲುವುದಿಲ್ಲ, ಯಾವ ದೂರನ್ನೂ ಕೊಡುವುದಿಲ್ಲ. ಹಿಂದಕ್ಕೆ ತೋರಿಸುವ ಅಡ್ಡಕೊಂಡಿಗಳು ಮಾತ್ರ ಕೆಡುವುದರಿಂದ, ಮುಂದಕ್ಕೆ ತೋರಿಸುವ ಅಡ್ಡಕೊಂಡಿಗಳಷ್ಟೇ ಇರುವ ಪರೀಕ್ಷೆಗಳಲ್ಲಿ ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ.

ಹಳೆಯ ವಸ್ತುವಿನಲ್ಲೇ ಹೊಸದರ ವಿಳಾಸ ಬರೆದಿಡುವ ಉಪಾಯ ಬೇರೆ ಕಡೆಯೂ ಬಳಕೆಯಲ್ಲಿದೆ. ಸಿ. ಜೆ. ಚೆನಿ 1970ರಲ್ಲಿ ಪ್ರಕಟಿಸಿದ ಮೆಮೊರಿ ಶುಚಿ ಮಾಡುವ ವಿಧಾನದಲ್ಲಿ ಬಳಕೆಯಲ್ಲಿರುವ ವಸ್ತುಗಳನ್ನೆಲ್ಲ ಮೆಮೊರಿಯ ಇನ್ನೊಂದು ಭಾಗಕ್ಕೆ ನಕಲು ಮಾಡಿ, ಹಳೆಯ ಜಾಗದಲ್ಲಿ ಹೊಸ ವಿಳಾಸವನ್ನು ಬಿಟ್ಟುಹೋಗಲಾಗುತ್ತದೆ. ಅಲ್ಲಿ ಹಳೆಯದು ಮತ್ತೆ ಬೇಕಾಗುವುದಿಲ್ಲವಾದ್ದರಿಂದ ಅದರ ಮೇಲೆಯೇ ಬರೆಯಬಹುದು. ಲಿಸ್ಟಿನ ನಕಲಿನಲ್ಲಿ ಮೂಲವೂ ಉಳಿಯಬೇಕು, ಅದಕ್ಕಾಗಿಯೇ ಬಿಡಿಸುವ ಮೂರನೆಯ ಸುತ್ತು ಇರುವುದು.

ಮೂಲವನ್ನು ತಾತ್ಕಾಲಿಕವಾಗಿಯಾದರೂ ಬದಲಾಯಿಸುವುದು ಈ ವಿಧಾನದ ಮಿತಿ. ನಕಲು ನಡೆಯುತ್ತಿರುವಾಗಲೇ ಪ್ರೋಗ್ರಾಮಿನ ಇನ್ನೊಂದು ಭಾಗ ಅದೇ ಲಿಸ್ಟನ್ನು ಓದಿದರೆ ಪ್ರತಿ ಮೌಲ್ಯವೂ ಎರಡೆರಡು ಸಲ ಕಾಣುತ್ತದೆ. ಮೊದಲ ಸುತ್ತಿನ ನಡುವೆ ಮೆಮೊರಿ ಸಾಲದೆ ಕೆಲಸ ನಿಂತರೆ ಮೂಲ ಲಿಸ್ಟ್ ಅರ್ಧ ಹೆಣೆದ ಸ್ಥಿತಿಯಲ್ಲೇ ಉಳಿಯುತ್ತದೆ. ಕೊನೆಯ ನೋಡ್‌ನ ಮುಂದಿನ ಕೊಂಡಿ ಖಾಲಿ ಇರದೆ ಮತ್ತೆ ತಲೆಗೆ ಸುತ್ತಿಕೊಂಡಿದ್ದರೆ ಮೊದಲ ಸುತ್ತು ಮುಗಿಯುವುದೇ ಇಲ್ಲ, ಹೊಸ ನೋಡ್‌ಗಳು ಹುಟ್ಟುತ್ತಲೇ ಹೋಗುತ್ತವೆ. ಇಂಥ ಕಡೆಗಳಲ್ಲಿ ಮೂಲವನ್ನು ಮುಟ್ಟದ ಕೋಷ್ಟಕವೇ ಸರಿಯಾದ ಆಯ್ಕೆ. ಪೈಥಾನ್‌ನ `copy.deepcopy` ಕೂಡ ಕೋಷ್ಟಕವನ್ನೇ ಬಳಸುತ್ತದೆ. ಆದರೆ ಅದು ಪ್ರತಿ ಕೊಂಡಿಗೂ ತನ್ನನ್ನೇ ಮತ್ತೆ ಕರೆದುಕೊಳ್ಳುತ್ತ ಆಳಕ್ಕೆ ಇಳಿಯುತ್ತದೆ. ಆ ಆಳಕ್ಕೆ ಪೈಥಾನ್ ಸಾಮಾನ್ಯವಾಗಿ 1,000ದ ಮಿತಿ ಇಟ್ಟಿರುವುದರಿಂದ ಸಾವಿರಾರು ನೋಡ್‌ಗಳ ಲಿಸ್ಟ್ ಕೊಟ್ಟರೆ `RecursionError` ಬರುತ್ತದೆ.

ನಕಲು ಸರಿಯಾಗಿದೆಯೇ ಎಂದು ತಿಳಿಯಲು ಮೌಲ್ಯಗಳನ್ನು ಹೋಲಿಸಿದರೆ ಸಾಲದು. ಮೇಲಿನ ಕೆಟ್ಟ ನಕಲಿನಲ್ಲೂ ಸಾಲಿನ ಮೌಲ್ಯಗಳು 7, 13, 7, 10 ಎಂದೇ ಬರುತ್ತವೆ. ಮೂಲದ ವಿಳಾಸಗಳನ್ನೆಲ್ಲ ಮೊದಲೇ ಪಟ್ಟಿಮಾಡಿಟ್ಟುಕೊಂಡು, ನಕಲಿನ ನೋಡ್‌ಗಳಾಗಲಿ ಅವುಗಳ ಎರಡೂ ಕೊಂಡಿಗಳಾಗಲಿ ಆ ಪಟ್ಟಿಯೊಳಗೆ ಬರುವುದಿಲ್ಲ ಎಂದು ನೋಡಬೇಕು. ಪ್ರತಿ ಅಡ್ಡಕೊಂಡಿ ಮೂಲದಲ್ಲಿ ಎಷ್ಟನೆಯ ನೋಡನ್ನು ತೋರಿಸುತ್ತದೆಯೋ ನಕಲಿನಲ್ಲೂ ಅಷ್ಟನೆಯದನ್ನೇ ತೋರಿಸಬೇಕು. ಮೂಲದ ಸಾಲು ಮತ್ತೆ 100, 340, 220, 510 ಎಂದೇ ಇದೆಯೇ, ಅದರ ಅಡ್ಡಕೊಂಡಿಗಳು ಮೊದಲಿನಂತೆಯೇ ಇವೆಯೇ ಎಂಬುದನ್ನೂ ನೋಡಬೇಕು. ಪರೀಕ್ಷೆಗೆ ಆರಿಸುವ ಲಿಸ್ಟ್‌ಗಳಲ್ಲಿ ಖಾಲಿ ಲಿಸ್ಟ್, ತನ್ನನ್ನೇ ತೋರಿಸುವ ಒಂದೇ ನೋಡ್, ಒಂದೇ ಮೌಲ್ಯದ ಹಲವು ನೋಡ್‌ಗಳು ಮತ್ತು ಹಿಂದಕ್ಕೆ ತೋರಿಸುವ ಅಡ್ಡಕೊಂಡಿ ಇದ್ದರೆ ಇಲ್ಲಿ ಹೇಳಿದ ತಪ್ಪುಗಳಲ್ಲಿ ಹೆಚ್ಚಿನವು ಸಿಕ್ಕಿಬೀಳುತ್ತವೆ.