ಅಂಚು ಅಳಿಸದ ಗುಡ್ಡ

ಮೈನ್‌ಕ್ರಾಫ್ಟ್ ಆಟದಲ್ಲಿ ಸೂರ್ಯ ನೆತ್ತಿಯ ಮೇಲಿರುವ ಹೊತ್ತಿಗೆ ಒಂದು ಕಲ್ಲುಗುಡ್ಡವನ್ನು ದಿಟ್ಟಿಸಿ ನೋಡಿ. ಬೆಳಕು ನೇರ ಮೇಲಿನಿಂದ ಬೀಳುವಾಗ ಸುತ್ತಲ ನಾಲ್ಕೂ ಗೋಡೆಗಳು ಒಂದೇ ಸಮ ಮಂಕಾಗಿ, ಎರಡು ಗೋಡೆ ಕೂಡುವ ಮೂಲೆ ಕಣ್ಣಿಗೆ ಕಾಣದಂತಾಗಬೇಕು. ಆದರೆ ಮೂಲೆ ಸ್ಪಷ್ಟವಾಗಿಯೇ ಇರುತ್ತದೆ.

ಆಟ ಇಲ್ಲೊಂದು ಜಾಣ ಮೋಸ ಮಾಡುತ್ತದೆ. ಘನದ ಮೇಲ್ಮುಖಕ್ಕೆ ಪೂರ್ತಿ ಬೆಳಕು, ಉತ್ತರ-ದಕ್ಷಿಣದ ಮುಖಗಳಿಗೆ ಶೇ. 80, ಪೂರ್ವ-ಪಶ್ಚಿಮಕ್ಕೆ ಶೇ. 60, ತಳಕ್ಕೆ ಶೇ. 50 ಎಂದು ಮೊದಲೇ ಗೊತ್ತುಮಾಡಿಟ್ಟಿದೆ. ಸೂರ್ಯ ಎತ್ತ ಸರಿದರೂ ಈ ಅನುಪಾತ ಬದಲಾಗದು. ಭೌತಶಾಸ್ತ್ರದ ಮೇಷ್ಟ್ರು ಒಪ್ಪಲಿಕ್ಕಿಲ್ಲ, ಕಣ್ಣು ಮಾತ್ರ ತಕರಾರಿಲ್ಲದೆ ಒಪ್ಪುತ್ತದೆ.

ಘನಗಳನ್ನು ಪೇರಿಸುವ ವೋಕ್ಸೆಲ್ ಶೈಲಿಗೂ, ಕೆಲವೇ ತ್ರಿಕೋನಗಳಲ್ಲಿ ಮರ, ಬೆಟ್ಟ ಕಟ್ಟುವ ಲೋ-ಪಾಲಿ ಶೈಲಿಗೂ ಜೀವಾಳ ಇದೇ: ಒಂದು ಮುಖಕ್ಕೆ ಒಂದೇ ಛಾಯೆ. ಪ್ರತಿ ಮುಖದಿಂದಲೂ ನೆಟ್ಟಗೆ ಹೊರಗೆ ಚಾಚಿದ ಒಂದು ಬಾಣವಿದೆ ಎಂದುಕೊಳ್ಳಿ. ಅದಕ್ಕೆ ನಾರ್ಮಲ್ ಎನ್ನುತ್ತಾರೆ. ಸಾಮಾನ್ಯವಾಗಿ ಬಾಣ ಬೆಳಕಿನತ್ತ ತಿರುಗಿದಷ್ಟೂ ಮುಖ ಬೆಳಗುತ್ತದೆ. ಮುಖಗಳ ಗಡಿ ಕಾಣದಂತೆ ಛಾಯೆಯನ್ನು ಮೂಲೆಯಿಂದ ಮೂಲೆಗೆ ಬೆರೆಸುವ ವಿಧಾನವನ್ನು ಆನ್ರಿ ಗುರೋ 1971ರಲ್ಲಿ ಪ್ರಕಟಿಸಿದರು. ಲೋ-ಪಾಲಿ ಕಲಾವಿದರಿಗೆ ಬೇಕಾದದ್ದು ಅವರು ಮರೆಮಾಡಿದ ಆ ಗಡಿಯೇ.

ಬ್ಲೆಂಡರ್ ತಂತ್ರಾಂಶದಲ್ಲಿ ಒಂದು ಘನಕ್ಕೆ `Shade Smooth` ಕೊಟ್ಟರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಹೊರರೇಖೆ ಚೌಕವಾಗಿಯೇ ಉಳಿದು, ಮೈಮೇಲೆ ಮಾತ್ರ ದಿಂಬಿನಂತೆ ಉಬ್ಬಿದ ನೆರಳು ಮೂಡುತ್ತದೆ. ಮೂಲೆಯಲ್ಲಿ ಕೂಡುವ ಮೂರು ಮುಖಗಳು ಒಂದೇ ಸರಾಸರಿ ಬಾಣವನ್ನು ಹಂಚಿಕೊಂಡದ್ದೇ ಇದಕ್ಕೆ ಕಾರಣ. `Shade Flat` ಕೊಟ್ಟರೆ ಮುಖಕ್ಕೊಂದು ಬಾಣ. ಆಗ ಗೇಮ್ ಎಂಜಿನ್‌ಗೆ ಹೋಗುವಾಗ ಪ್ರತಿ ಮೂಲೆಯನ್ನೂ ಮೂರು ಸಲ ಬರೆದುಕೊಳ್ಳಬೇಕಾಗುತ್ತದೆ; ಎಂಟು ಮೂಲೆಗಳ ಘನ 24 ಬಿಂದುಗಳಾಗುತ್ತದೆ. ಹಾಗಾಗಿ ಕಣ್ಣಿಗೆ ಸರಳವಾಗಿ ಕಂಡದ್ದೆಲ್ಲ ಲೆಕ್ಕದಲ್ಲೂ ಹಗುರ ಎನ್ನುವಂತಿಲ್ಲ.

ಹೊಸಬರನ್ನು ಹೆಚ್ಚು ಕಾಡುವುದು ನಾಲ್ಕು ಮೂಲೆಗಳ ಮುಖ. ಸಪಾಟು ನೆಲದ ಚೌಕಗಳಿಂದ ಬೆಟ್ಟ ಮಾಡಲು ಬಿಂದುಗಳನ್ನು ಎತ್ತಿಳಿಸುತ್ತಾರಲ್ಲ, ಆಗ ಒಂದು ಚೌಕದ ಎದುರುಬದುರಿನ ಎರಡು ಮೂಲೆಗಳು ಮೇಲೆ, ಉಳಿದೆರಡು ಕೆಳಗೆ ಬಂದವು ಎನ್ನಿ. ಇಂಥ ಮುಖ ಒಂದೇ ಸಮತಲದಲ್ಲಿ ಇರಲಾರದು. ಚಿತ್ರಿಸುವಾಗ ಕಂಪ್ಯೂಟರ್ ಅದನ್ನು ಎರಡು ತ್ರಿಕೋನಗಳಾಗಿ ಸೀಳುತ್ತದೆ. ಎತ್ತರದ ಮೂಲೆಗಳನ್ನು ಕೂಡಿಸುವ ಕರ್ಣದಲ್ಲಿ ಸೀಳಿದರೆ ಅಲ್ಲೊಂದು ದಿಣ್ಣೆ, ತಗ್ಗಿನ ಮೂಲೆಗಳನ್ನು ಕೂಡಿಸಿದರೆ ಕೊರಕಲು. ಬ್ಲೆಂಡರ್‌ನಲ್ಲಿ ದಿಣ್ಣೆಯಾಗಿದ್ದದ್ದು ಆಟಕ್ಕೆ ಹೋದಾಗ ಕೊರಕಲಾಗಿ ಕಂಡರೆ, ಸೀಳು ಅಡ್ಡಕ್ಕೆ ಬಿದ್ದಿದೆ ಎಂದೇ ಅರ್ಥ. ನುರಿತವರು ಆ ಆಯ್ಕೆಯನ್ನು ಯಂತ್ರಕ್ಕೆ ಬಿಡುವುದಿಲ್ಲ. ಮಾದರಿಯನ್ನು ಹೊರಕಳಿಸುವ ಮೊದಲೇ ಮುಖಗಳನ್ನು ತ್ರಿಕೋನಗಳಾಗಿಸಿ, ತಪ್ಪಾಗಿ ಬಿದ್ದ ಕರ್ಣಗಳನ್ನು ಒಂದೊಂದಾಗಿ ತಿರುಗಿಸಿಡುತ್ತಾರೆ.