ಅರ್ಧ ಇಂಚು ಬಿಟ್ಟರೆ ನಾಲ್ಕು ಕಾರ್ಡು

ಬೆಂಗಳೂರಿನ ಸುಲ್ತಾನಪೇಟೆ ಕಾಗದ ಮತ್ತು ಮದುವೆ ಕಾರ್ಡುಗಳ ಬೀದಿ. ಅಲ್ಲಿನ ಸಣ್ಣ ಪ್ರೆಸ್ಸೊಂದರ ಹಿರಿಯ ಮೇಸ್ತ್ರಿ ರದ್ದಿ ಹಾಳೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಗಿರಾಕಿಯ ಎದುರೇ ಲೆಕ್ಕ ಒಪ್ಪಿಸುತ್ತಾರೆ. ನಾನು ಹೋಗಿದ್ದು ಆ ಲೆಕ್ಕ ನೋಡಲೆಂದೇ.

ಮಗಳ ಮದುವೆಗೆ 5×7 ಇಂಚಿನ ಸಾವಿರ ಕಾರ್ಡು ಬೇಕೆಂದು ಒಬ್ಬರು ಬಂದಿದ್ದರು. ಹಾಳೆ 20×30. ‘ಇಪ್ಪತ್ತರಲ್ಲಿ ಐದು ನಾಲ್ಕು ಸಲ, ಮೂವತ್ತರಲ್ಲಿ ಏಳು ನಾಲ್ಕು ಸಲ. ಹದಿನಾರು ಬರಬೇಕಲ್ಲ?’ ಎಂದರು ಅವರು. ‘ಹನ್ನೆರಡೇ ಸಾರ್’ ಎಂದ ಮೇಸ್ತ್ರಿ ಪೆನ್ಸಿಲ್ ಎತ್ತಿಕೊಂಡರು.

ಮೊದಲ ಗೆರೆ ಹಾಳೆಯ ಉದ್ದದ ಅಂಚಿನಿಂದ ಅರ್ಧ ಇಂಚು ಒಳಗೆ. ಯಂತ್ರದ ಗ್ರಿಪ್ಪರ್ ಹಾಳೆಯನ್ನು ಹಿಡಿದೆಳೆಯುವುದು ಅಲ್ಲೇ, ಆದ್ದರಿಂದ ಅಲ್ಲಿ ಅಚ್ಚು ಬೀಳದು. ಉಳಿದ ಮೂರು ಕಡೆ ಕಾಲು ಇಂಚು. ಉಳಿದದ್ದು 19.25×29.5. ಇನ್ನು ಕಾರ್ಡಿನ ಬಣ್ಣ ಅಂಚಿನವರೆಗೂ ಇರುವುದರಿಂದ, ಪ್ರತಿ ಕಾರ್ಡಿಗೂ ಸುತ್ತ ಅರ್ಧ ಪಾವು, ಅಂದರೆ 1/8 ಇಂಚು, ಹೆಚ್ಚು ಬಣ್ಣ ಬೇಕು. ಹೀಗೆ ಒಂದು ಕಾರ್ಡು 5.25×7.25 ಜಾಗ ಕೇಳುತ್ತದೆ. ಉದ್ದಕ್ಕೆ ನಾಲ್ಕು ಸರಿಯಾಗಿ ಕೂರುತ್ತವೆ. ಅಡ್ಡಕ್ಕೆ ನಾಲ್ಕಕ್ಕೆ 21 ಇಂಚು ಬೇಕು, ಹಾಗಾಗಿ ಮೂರೇ. ಕಾರ್ಡನ್ನು ತಿರುಗಿಸಿದರೆ ಹತ್ತಕ್ಕಿಳಿಯುತ್ತದೆ.

ಆ ಅರ್ಧ ಪಾವನ್ನು ಬಿಟ್ಟರಾಗದೇ ಎಂದು ಕೇಳಿದೆ. ಅವರು ಕತ್ತರಿಸಿದ ಹಳೆಯ ಕಟ್ಟೊಂದನ್ನು ತೆಗೆದು ಮೇಲಿನ ಕಾರ್ಡು, ಕೆಳಗಿನ ಕಾರ್ಡು ಎರಡನ್ನೂ ಪಕ್ಕಪಕ್ಕ ಇಟ್ಟರು. ಕಟಿಂಗ್ ಯಂತ್ರದ ಅಲಗು ದಪ್ಪ ಕಟ್ಟಿನೊಳಗೆ ಇಳಿಯುವಾಗ ಹಾಳೆಗಳು ಕೂದಲೆಳೆಯಷ್ಟು ಸರಿಯುತ್ತವೆ. ಹೆಚ್ಚು ಬಣ್ಣ ಇರದಿದ್ದರೆ ಒಂದರ ಅಂಚಿನಲ್ಲಿ ಬಿಳಿ ಗೆರೆ, ಇನ್ನೊಂದರಲ್ಲಿ ಪಕ್ಕದ ಕಾರ್ಡಿನ ಬಣ್ಣ. ಬಿಳಿ ನೆಲದ ಕಾರ್ಡಾದರೆ ಮಾತ್ರ ಎರಡರ ನಡುವೆ ಒಂದೇ ಕತ್ತರಿ ಸಾಕು.

ಆಮೇಲೆ ಅವರು ಹೇಳಿದ್ದು: ‘ಅಗಲ ನಾಲ್ಕೂವರೆ ಮಾಡೋಣ ಸಾರ್.’ ಆಗ ನಾಲ್ಕು ಕಾರ್ಡಿಗೆ 19 ಇಂಚು ಸಾಕು, ಹಾಳೆಗೆ ಹದಿನಾರು. ಸಾವಿರ ಕಾರ್ಡಿಗೆ 84 ಹಾಳೆ ಬೇಕಿದ್ದಲ್ಲಿ 63 ಸಾಕಾಯಿತು. ಅಚ್ಚು ಹೊಂದಿಸುವಾಗ ಹಾಳಾಗುವ ಹಾಳೆಗಳು ಬೇರೆ.

ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಟ್ರೆಡಲ್ ಯಂತ್ರಕ್ಕೆ ಸಿದ್ಧ ಕಾರ್ಡುಗಳನ್ನು ಒಂದೊಂದೇ ಕೊಡುತ್ತಿದ್ದರಂತೆ. ಈ ಲೆಕ್ಕ ಅವರಿಗೆ ಬಂದದ್ದು ಆಫ್‌ಸೆಟ್ಟಿನ ಜೊತೆ.

ಈಗ ಕರೆಯೋಲೆ ವಾಟ್ಸಾಪಿನಲ್ಲಿ ಹೋಗುತ್ತದೆ. ಇನ್ನೂರು ಕಾರ್ಡು ಕೇಳುವವರನ್ನು ಅವರೇ ಡಿಜಿಟಲ್ ಅಂಗಡಿಗೆ ಕಳಿಸುತ್ತಾರೆ. ಅಲ್ಲಿನ 12×18 ಹಾಳೆಯಲ್ಲಿ ಅದೇ ಕಾರ್ಡು ನಾಲ್ಕೇ ಕೂರುತ್ತದೆ, ಆದರೆ ಪ್ಲೇಟಿನ ಖರ್ಚಿಲ್ಲ. ಇಂಥ ಕೈಲೆಕ್ಕದವರು ಕಡಿಮೆಯಾಗುತ್ತಿರುವುದು ನನಗೆ ನೋವಿನ ಸಂಗತಿ. ಮನೆಯಲ್ಲಿ ಮದುವೆಯಿದ್ದರೆ, ಕಾರ್ಡಿನ ಅಳತೆ ನಿಶ್ಚಯಿಸುವ ಮೊದಲು ಪ್ರೆಸ್ಸಿನವರನ್ನು ಒಮ್ಮೆ ಕೇಳಿ: ನಿಮ್ಮ ಹಾಳೆಯ ಅಳತೆ ಎಷ್ಟು?